ಎರಡು ಕೋಟ್‌ಗೆ ಎರಡು ಸಲ ಲೆಕ್ಕ ಹಾಕಿ ಕೆಟ್ಟ ಕಥೆ

ನಮ್ಮ ಮನೆಯ ಮೆಟ್ಟಿಲ ಕೆಳಗೆ ಹದಿನೆಂಟೂವರೆ ಲೀಟರ್ ತಿಳಿಹಸಿರು ಬಣ್ಣ ಕುಳಿತಿದೆ. ಹತ್ತು ಲೀಟರಿನ ಡಬ್ಬದ ಸೀಲನ್ನೇ ಒಡೆದಿಲ್ಲ. ಮಗಳ ಸೀಮಂತಕ್ಕೆಂದು ಮನೆಯ ಒಳಗೋಡೆಗಳಿಗೆ ಬಣ್ಣ ಹೊಡೆಸಿದಾಗ ಬೇಕಾದದ್ದು ಹನ್ನೊಂದೂವರೆ ಲೀಟರ್. ನಾನು ತಂದದ್ದು ಮೂವತ್ತು. ಸದ್ಯದಲ್ಲಿ ಬಣ್ಣ ಹೊಡೆಸುವವರು ಈ ತಪ್ಪು ಎಲ್ಲಿ ಆಯಿತೆಂದು ಒಮ್ಮೆ ನೋಡಿಕೊಳ್ಳಿ. ಬಿಲ್ ಕೈಗೆ ಬಂದ ಮೇಲೆ ನೋಡಿದರೆ ಪ್ರಯೋಜನವಿಲ್ಲ.

ಮೇಸ್ತ್ರಿ ಬಂದದ್ದು ಬೆಳಿಗ್ಗೆ. ಕೋಣೆಗಳ ಉದ್ದ ಅಗಲ ಟೇಪಿನಲ್ಲಿ ಹಿಡಿದು, ಬೀಡಿ ಕಟ್ಟಿನ ಹಿಂಬದಿಯಲ್ಲಿ ಬರೆದುಕೊಂಡರು. ನಾಲ್ಕು ಗೋಡೆಯ ಸುತ್ತಳತೆಯನ್ನು ಹತ್ತು ಅಡಿ ಎತ್ತರದಿಂದ ಗುಣಿಸಿದರು. ಹಾಲ್ 560, ದೊಡ್ಡ ಮಲಗುವ ಕೋಣೆ 460, ಚಿಕ್ಕದು 420, ಅಡುಗೆಮನೆ 360, ಒಟ್ಟು 1,800 ಚದರ ಅಡಿ. ಅಂಗಡಿಯಲ್ಲಿ ಡಬ್ಬದ ಮೇಲೆ ‘ಲೀಟರಿಗೆ 120–140 ಚದರ ಅಡಿ’ ಎಂದಿತ್ತು. 1,800ನ್ನು 120ರಿಂದ ಭಾಗಿಸಿದರೆ ಹದಿನೈದು ಲೀಟರ್. ‘ಎರಡು ಕೋಟ್ ಅಲ್ಲವೇ ಸರ್, ಮೂವತ್ತು ಬೇಕು’ ಎಂದರು. ನಾನು ತಲೆಯಾಡಿಸಿದೆ. ಲೆಕ್ಕ ತಪ್ಪಿಲ್ಲದಂತೆ ಕಂಡಿತು. ನಾನೂ ಮೂವತ್ತು ವರ್ಷ ಲೆಕ್ಕಪತ್ರ ವಿಭಾಗದಲ್ಲೇ ಕೆಲಸ ಮಾಡಿದವನು, ಅದನ್ನು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ಆ 120–140ರ ಕೆಳಗೆ ಸಾಸಿವೆ ಕಾಳಿನಷ್ಟು ಸಣ್ಣ ಅಕ್ಷರದಲ್ಲಿ ‘2 ಕೋಟ್‌ಗೆ’ ಎಂದು ಅಚ್ಚಾಗಿತ್ತು. ಅಂದರೆ ಒಂದು ಲೀಟರ್ ಬಣ್ಣ ಅಷ್ಟು ಗೋಡೆಗೆ ಎರಡೂ ಕೋಟ್ ಮುಗಿಸುತ್ತದೆ. ಎರಡು ಕೋಟ್‌ಗೆ ಕೊಟ್ಟಿದ್ದ ಅಂಕಿಯನ್ನು ನಾವು ಒಂದು ಕೋಟ್‌ನದೆಂದು ತಿಳಿದು ಮತ್ತೆ ಎರಡರಿಂದ ಗುಣಿಸಿದೆವು. ಕೆಲವು ಡಬ್ಬಗಳಲ್ಲಿ ಒಂದು ಕೋಟ್‌ನ ಅಂಕಿ ಕೊಟ್ಟಿರುತ್ತಾರೆ, ಆಗ ಎರಡರಿಂದ ಗುಣಿಸುವುದು ಸರಿ. ಯಾವ ಅಂಕಿ ಎಂದು ಡಬ್ಬ ತಿರುಗಿಸಿ ಓದದೆ ಲೆಕ್ಕಕ್ಕೆ ಕೈ ಹಾಕಬೇಡಿ. ಅಂಗಡಿಯವನನ್ನು ಕೇಳಿದರೆ ಸಾಲದು. ಅವನು ‘ಸಾಕಾಗುತ್ತದೆ ಸರ್, ಉಳಿದರೆ ಮುಂದೆ ಬೇಕಾಗುತ್ತದೆ’ ಎನ್ನುತ್ತಾನೆ, ನನಗೂ ಹಾಗೆಯೇ ಅಂದ.

ಎರಡನೆಯ ತಪ್ಪು ಗೋಡೆಯದು. 1,800 ಚದರ ಅಡಿಯಲ್ಲಿ ನಮ್ಮ ಬಾಗಿಲು, ಕಿಟಕಿ, ಕಪಾಟು, ಟೈಲ್ಸ್ ಎಲ್ಲವೂ ಸೇರಿದ್ದವು. ಕೆಲಸ ಮುಗಿದ ರಾತ್ರಿ ನಿದ್ದೆ ಬಾರದೆ ಎದ್ದು, ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ನಾನೇ ಮತ್ತೆ ಅಳೆದು ಬರೆದೆ. ಹಾಲ್‌ನಲ್ಲಿ ಮುಂಬಾಗಿಲು 4 ಅಡಿ ಅಗಲ, 7 ಅಡಿ ಎತ್ತರ, ಅಂದರೆ 28 ಚದರ ಅಡಿ. ಅಡುಗೆಮನೆಗೆ ಹೋಗುವ ಬಾಗಿಲಿಲ್ಲದ ದಾರಿಯೂ ಅಷ್ಟೇ. ಮಲಗುವ ಕೋಣೆಗಳ ಎರಡು ಬಾಗಿಲು ಸೇರಿ 42, ದೊಡ್ಡ ಕಿಟಕಿ 24. ಒಟ್ಟು 122 ಕಳೆದರೆ 560ರಲ್ಲಿ ಉಳಿಯುವುದು 438. ದೊಡ್ಡ ಕೋಣೆಯಲ್ಲಿ ಎರಡು ಬಾಗಿಲು, ಒಂದು ಕಿಟಕಿ, ಜೊತೆಗೆ ಗೋಡೆಗೆ ಹೂತ 7 ಅಡಿ ಚೌಕದ ಮರದ ಕಪಾಟು. ಆ ಕಪಾಟು ಒಂದೇ 49 ಚದರ ಅಡಿ ನುಂಗಿತ್ತು. ಅಲ್ಲಿ ಉಳಿದದ್ದು 352. ಚಿಕ್ಕ ಕೋಣೆಯಲ್ಲಿ 379.

ಅಡುಗೆಮನೆಯ ಲೆಕ್ಕ ನೋಡಿ ನನಗೇ ನಗು ಬಂತು. ನಾಲ್ಕೂ ಗೋಡೆಗೆ ಏಳು ಅಡಿ ಎತ್ತರದವರೆಗೆ ಟೈಲ್ಸ್ ಇದೆ. ಬಣ್ಣ ಬಳಿಯಲು ಉಳಿದಿರುವುದು ಮೇಲಿನ ಮೂರು ಅಡಿ ಪಟ್ಟಿ, 36 ಅಡಿ ಸುತ್ತಳತೆಗೆ 108 ಚದರ ಅಡಿ. ಮೇಸ್ತ್ರಿ ಅದಕ್ಕೆ 360 ಹಿಡಿದಿದ್ದರು. ಬಾಗಿಲು ಕಿಟಕಿ ಕಳೆಯಬೇಕೆಂದು ಎಲ್ಲರಿಗೂ ಗೊತ್ತು, ಟೈಲ್ಸ್ ಮತ್ತು ಕಪಾಟು ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ. ನಮ್ಮ ಮನೆಯಲ್ಲಿ ಬಾಗಿಲು ಕಿಟಕಿಗಳಿಗಿಂತ ಹೆಚ್ಚು ಜಾಗ ಅವೇ ತಿಂದಿದ್ದವು.

ಎಲ್ಲ ಕಳೆದು ಬಣ್ಣ ಬೀಳುವ ಗೋಡೆ ಸುಮಾರು 1,280 ಚದರ ಅಡಿ. ಡಬ್ಬದ ಅಂಕಿಗಳಲ್ಲಿ ಚಿಕ್ಕದನ್ನೇ ಹಿಡಿದು 120ರಿಂದ ಭಾಗಿಸಿದರೆ ಎರಡೂ ಕೋಟ್‌ಗೆ ಹತ್ತೂ ಮುಕ್ಕಾಲು ಲೀಟರಿನೊಳಗೆ ಬರುತ್ತದೆ. ತೇಪೆ ಹಾಕಿದ ಪುಟ್ಟಿ ಹೀರಿಕೊಂಡದ್ದು, ರೋಲರ್‌ನಲ್ಲಿ ನಿಂತದ್ದು, ತಟ್ಟೆಯಲ್ಲಿ ಒಣಗಿದ್ದು ಸೇರಿ ನಮಗೆ ಹನ್ನೊಂದೂವರೆ ಹಿಡಿಯಿತು. ಇದು ಹಳೆಯ ಗೋಡೆಗೆ ಪ್ರೈಮರ್ ಹೊಡೆದ ಮೇಲಿನ ಮಾತು. ಪ್ರೈಮರ್ ಇಲ್ಲದೆ ಹೊಸ ಪುಟ್ಟಿಯ ಮೇಲೆ ನೇರ ಬಳಿದರೆ ಗೋಡೆ ಬಣ್ಣ ಕುಡಿಯುತ್ತದೆ, ಲೆಕ್ಕ ನಿಲ್ಲುವುದಿಲ್ಲ.

ಹಣದ ಮಾತಿಗೆ ಬಂದರೆ, ನಾನು ಇಪ್ಪತ್ತು ಲೀಟರಿನ ಡಬ್ಬಕ್ಕೆ ₹8,400, ಹತ್ತರದ್ದಕ್ಕೆ ₹4,300 ಕೊಟ್ಟೆ. ಒಟ್ಟು ₹12,700. ಹತ್ತು ಲೀಟರಿನದೊಂದು, ₹460ರಂತೆ ಒಂದು ಲೀಟರಿನವು ಎರಡು ತಂದಿದ್ದರೆ ₹5,220ಕ್ಕೆ ಕೆಲಸ ಮುಗಿಯುತ್ತಿತ್ತು. ವಾಪಸ್ ಕೊಡಲು ಹೋದೆ. ಯಂತ್ರದಲ್ಲಿ ಶೇಡ್ ಬೆರೆಸಿದ ಡಬ್ಬವನ್ನು ತೆಗೆದುಕೊಳ್ಳುವುದಿಲ್ಲ ಎಂದರು, ಸೀಲ್ ಇದ್ದರೂ. ಅವರ ಮಾತು ನ್ಯಾಯವೇ. ನನ್ನ ತಿಳಿಹಸಿರನ್ನು ಇನ್ನಾರು ಕೇಳಿಯಾರು? ಹೊರಗಿನ ಕಾಂಪೌಂಡಿಗೆ ಬಳಿಯೋಣ ಎಂದರೆ ಇದು ಒಳಗೋಡೆಯ ಎಮಲ್ಷನ್, ಬಿಸಿಲು ಮಳೆಗೆ ಬಾಳುವುದಿಲ್ಲ.

ಒಂದೇ ಸಲಕ್ಕೆ ಎಲ್ಲ ತರುವ ಅಗತ್ಯವೇ ಇರಲಿಲ್ಲ. ಶೇಡ್ ಸಂಖ್ಯೆ ಬರೆದಿಟ್ಟುಕೊಂಡರೆ ಅದೇ ಬಣ್ಣವನ್ನು ಮತ್ತೆ ಬೆರೆಸಿ ಕೊಡುತ್ತಾರೆ. ಒಂದು ಕೂದಲಷ್ಟು ವ್ಯತ್ಯಾಸ ಬರಬಹುದು, ಹಾಗಾಗಿ ಹೊಸ ಡಬ್ಬವನ್ನು ಗೋಡೆಯ ನಡುವೆ ಶುರು ಮಾಡದೆ ಮೂಲೆಯಿಂದ ಶುರು ಮಾಡಿಸಿ. ಮೊದಲ ಕೋಣೆ ಮುಗಿದಾಗ ಡಬ್ಬದಲ್ಲಿ ಎಷ್ಟು ಇಳಿದಿದೆ ಎಂದು ನೋಡಿ. ನಮ್ಮ ಹಾಲ್‌ಗೆ ಎರಡೂ ಕೋಟ್ ಸೇರಿ ನಾಲ್ಕು ಲೀಟರ್ ಸಾಕಾಗಿತ್ತು. ಅದನ್ನು ನೋಡಿದ ದಿನವೇ ನನಗೆ ಎಚ್ಚರವಾಗಬೇಕಿತ್ತು. ಆದರೆ ನಾನು ನೋಡುತ್ತಿದ್ದದ್ದು ನೀರು ಬೆರೆಸಿದ ಬಕೆಟ್ಟನ್ನು. ಅದು ಸದಾ ತುಂಬಿಯೇ ಇರುತ್ತಿತ್ತು, ದಿನಕ್ಕೆ ಮೂರು ಸಲ ಖಾಲಿಯೂ ಆಗುತ್ತಿತ್ತು. ಅಳೆಯಬೇಕಾದದ್ದು ನೀರು ಬೀಳದ ಮೂಲ ಡಬ್ಬವನ್ನು.

ಕೂಲಿಯ ವಿಷಯ ಬೇರೆ, ಅದರಲ್ಲಿ ಮೇಸ್ತ್ರಿಯನ್ನು ಪೂರ್ತಿ ದೂರಲಾರೆ. ಚದರ ಅಡಿಗೆ ₹10ರಂತೆ 1,800ಕ್ಕೆ ₹18,000 ಬರೆದರು. ಬಾಗಿಲು ಕಿಟಕಿ ಕಳೆಯಿರಿ ಎಂದಾಗ ‘ಕೂಲಿಗೆ ಕಳೆಯುವ ಪದ್ಧತಿ ಇಲ್ಲ ಸರ್’ ಎಂದರು. ಅದು ಅರ್ಧ ನಿಜ. ಕಟ್ಟಡದ ಕೆಲಸ ಅಳೆಯುವ ಭಾರತೀಯ ಮಾನಕ ಐಎಸ್ 1200ರಲ್ಲಿ ಅರ್ಧ ಚದರ ಮೀಟರ್‌ವರೆಗಿನ ತೆರಪುಗಳನ್ನು ಕಳೆಯುವುದಿಲ್ಲ. ಅದಕ್ಕಿಂತ ದೊಡ್ಡದಾಗಿ ಮೂರು ಚದರ ಮೀಟರ್‌ವರೆಗಿನವಕ್ಕೆ, ಗೋಡೆಯ ಎರಡೂ ಬದಿಗೆ ಒಂದೇ ಬಗೆಯ ಕೆಲಸವಿದ್ದರೆ, ಒಂದು ಬದಿಯನ್ನು ಮಾತ್ರ ಕಳೆಯುತ್ತಾರೆ. ತೆರಪಿನ ಒಳ ಅಂಚುಗಳಿಗೆ ಬಣ್ಣ ಬಳಿಯುವ ಶ್ರಮಕ್ಕೆ ಬೇರೆ ಕೂಲಿ ಇಲ್ಲದಿರುವುದಕ್ಕೆ ಈ ರಿಯಾಯಿತಿ. ಹಾಗಾಗಿ ಬಣ್ಣದ ಲೆಕ್ಕಕ್ಕೆ ಎಲ್ಲವನ್ನೂ ಕಳೆಯಬೇಕು, ಕೂಲಿಯ ಲೆಕ್ಕಕ್ಕೆ ಕಳೆಯುವುದು ಎಷ್ಟೆಂದು ಮೊದಲೇ ಮಾತಾಡಿಕೊಳ್ಳಬೇಕು. ಆದರೆ ಟೈಲ್ಸ್‌ಗೂ ಕಪಾಟಿಗೂ ಯಾವ ರಿಯಾಯಿತಿಯೂ ಇಲ್ಲ, ಅಲ್ಲಿ ಬಳಿಯಲು ಗೋಡೆಯೇ ಇಲ್ಲ. ಆ 301 ಚದರ ಅಡಿಗೆ ₹3,010 ಕೊಟ್ಟದ್ದು ನನ್ನ ದಡ್ಡತನ.

ಮೊನ್ನೆ ಅದೇ ಮೇಸ್ತ್ರಿ ಫೋನ್ ಮಾಡಿದ್ದರು. ಬೇರೊಂದು ಮನೆಯವರು ತಿಳಿಹಸಿರು ಕೇಳುತ್ತಿದ್ದಾರಂತೆ. ‘ಆ ಸೀಲ್ ಒಡೆಯದ ಡಬ್ಬ ಇನ್ನೂ ಇದೆಯೇ ಸರ್? ಸಾವಿರ ರೂಪಾಯಿ ಕೊಡುತ್ತೇನೆ’ ಎಂದರು. ಆ ಮನೆಯವರಿಗೆ ಎಷ್ಟು ಲೀಟರ್ ಹೇಳಿದ್ದೀರಿ ಎಂದು ಕೇಳಿದೆ. ಫೋನ್ ಕಟ್ಟಾಯಿತು.