ಮೈಕ್ ಒತ್ತಿ ಕೇಳುವ ರೈತರಿಗೆ ಯಾವ ತಲೆಬರಹ? ಮೂರನ್ನು ಪಕ್ಕಪಕ್ಕ ಇಟ್ಟು ನೋಡಿದೆ

ಕೋಲಾರದ ಸುತ್ತಮುತ್ತ ಟೊಮೆಟೊ ಬೆಳೆಯುವವರಿಗಾಗಿ ನಾನು ಬರೆಯುತ್ತೇನೆ. ನನಗೆ ಗೊತ್ತಿರುವ ರೈತರಲ್ಲಿ ಕನ್ನಡ ಟೈಪ್ ಮಾಡುವವರು ಕಡಿಮೆ. ಗೂಗಲ್‌ನಲ್ಲಿ 2017ರಿಂದ ಕನ್ನಡದಲ್ಲೇ ಮಾತಾಡಿ ಹುಡುಕಬಹುದು, ಅಲ್ವಾ? ಅವರು ಮೈಕ್ ಒತ್ತುತ್ತಾರೆ, ಕೇಳುತ್ತಾರೆ. ಹಾಗಾಗಿ ಎಲೆ ಮುದುರುವ ರೋಗದ ಬಗ್ಗೆ ಬರೆದ ಒಂದೇ ಪೋಸ್ಟ್‌ಗೆ ಮೂರು ತಲೆಬರಹ ಕೊಟ್ಟು ನೋಡಿದೆ. ಒಂದೊಂದನ್ನೂ ಕೆಲವು ವಾರ ಬಿಟ್ಟು ಬದಲಿಸಿದೆ. ಒಂದೇ ವಿಷಯಕ್ಕೆ ಮೂರು ಬೇರೆ ಪೋಸ್ಟ್ ಹಾಕಿದರೆ ಅವು ಒಂದರ ಕಾಲು ಇನ್ನೊಂದು ಎಳೆಯುತ್ತವೆ. ಆಗ ಯಾವುದು ಗೆದ್ದಿತು ಅಂತ ಗೊತ್ತಾಗುವುದಿಲ್ಲ.

ಮೊದಲನೆಯದು ಪುಸ್ತಕದ ರೀತಿ: "ಟೊಮೇಟೊ ಬೆಳೆಯಲ್ಲಿ ಎಲೆ ಮುಟುರು ನಂಜುರೋಗ: ಲಕ್ಷಣಗಳು ಮತ್ತು ಸಮಗ್ರ ನಿರ್ವಹಣೆ".

ಎರಡನೆಯದು ಬಾಯಿಮಾತನ್ನು ಹಾಗೇ ಇಳಿಸಿದ್ದು: "ಟಮೋಟ ಎಲೆ ಮುದುರ್ಕೊಂಡೈತೆ, ಏನ್ ಮಾಡ್ಬೇಕು?"

ಮೂರನೆಯದು ಕೇಳುವ ಕ್ರಮದಲ್ಲೇ ಇದೆ, ಆದರೆ ಕಾಗುಣಿತ ಸಾಮಾನ್ಯದ್ದು: "ಟೊಮೆಟೊ ಎಲೆ ಮುದುರಿಕೊಂಡಿದೆ, ಏನು ಮಾಡಬೇಕು?"

ಹೋಲಿಸುವುದಕ್ಕೆ ಮೊದಲು ಒಂದು ವಿಷಯ ತಿಳಿದಿರಬೇಕು. ಹುಡುಕಾಟಕ್ಕೆ ಹೋಗುವುದು ದನಿಯಲ್ಲ, ದನಿಯನ್ನು ಫೋನು ಬರೆದುಕೊಂಡ ಅಕ್ಷರ. ರೈತ ಏನು ಹೇಳಿದ ಅನ್ನುವುದಕ್ಕಿಂತ ಫೋನು ಏನು ಬರೆಯಿತು ಅನ್ನುವುದು ಮುಖ್ಯ. ಅದನ್ನು ನೋಡಲು ಸುಲಭದ ದಾರಿ ಇದೆ. ಗೂಗಲ್‌ನ ಕೀಬೋರ್ಡ್ ಆದ ಜಿಬೋರ್ಡ್‌ನಲ್ಲಿ ಕನ್ನಡ ಆರಿಸಿ, ಖಾಲಿ ನೋಟ್ಸ್ ತೆರೆದು, ಮೈಕ್ ಒತ್ತಿ ಫೋನನ್ನು ಬೇರೆಯವರ ಕೈಗೆ ಕೊಡಿ. ಹೇಳಬೇಕಾದ ವಾಕ್ಯವನ್ನು ಮಾತ್ರ ನೀವು ಹೇಳಿಕೊಡಬಾರದು. ಮುದುರಿದ ಎಲೆ ತೋರಿಸಿ, "ಇದಕ್ಕೆ ಫೋನಲ್ಲಿ ಹೇಗೆ ಕೇಳ್ತೀರಿ?" ಅಂದರೆ ಸಾಕು. ವಾಕ್ಯ ಕೊಟ್ಟರೆ ನಿಮ್ಮ ಮಾತೇ ನಿಮಗೆ ವಾಪಸ್ ಬರುತ್ತದೆ.

ಹೀಗೆ ಕೇಳಿಸಿದಾಗ ಎರಡನೇ ತಲೆಬರಹದ ಲೆಕ್ಕ ಅಲ್ಲೇ ಮುಗಿಯಿತು. "ಮಾಡ್ಬೇಕು" ಅಂತ ಹೇಳಿದರೂ ಫೋನು ಹೆಚ್ಚಿನ ಸಲ "ಮಾಡಬೇಕು" ಅಂತಲೇ ಬರೆಯಿತು. "ಐತೆ" ಕೆಲವೊಮ್ಮೆ ಉಳಿಯಿತು, ಕೆಲವೊಮ್ಮೆ "ಇದೆ" ಆಯಿತು. ಮನೆಯಲ್ಲಿ ತೆಲುಗು ಮಾತಾಡುವ ಮುಳಬಾಗಿಲು ಕಡೆಯವರ ಉಚ್ಚಾರಣೆ ಬೇರೆ, ಮಾಲೂರಿನವರದ್ದು ಬೇರೆ. ಆದರೂ ಟೊಮೆಟೊ ಅನ್ನುವ ಪದ ಬಹುಪಾಲು ಒಂದೇ ಕಾಗುಣಿತದಲ್ಲಿ ಬಂತು. ಅಂದರೆ ನಾವು ಕಷ್ಟಪಟ್ಟು ಆಡುಮಾತಿನಂತೆ ಬರೆದದ್ದನ್ನು ಫೋನು ಹೆಚ್ಚಿನ ಸಲ ಹಾಗೆ ಬರೆಯುವುದಿಲ್ಲ. ಜೊತೆಗೆ ಆಡುಮಾತಿನ ಕಾಗುಣಿತ ಒಬ್ಬೊಬ್ಬರದು ಒಂದೊಂದು ಥರ. ಓದುವವರಿಗೂ ಅದು ತಮಾಷೆಯ ಪೋಸ್ಟ್ ಥರ ಕಾಣುತ್ತದೆ. ಗಿಡ ಸಾಯುತ್ತಿರುವಾಗ ಯಾರಿಗೆ ಬೇಕು ತಮಾಷೆ?

ಮೊದಲನೇ ತಲೆಬರಹದ ತೊಂದರೆ ಬೇರೆ. "ನಂಜುರೋಗ", "ನಿರ್ವಹಣೆ" ಅನ್ನುವ ಪದಗಳು ಒಬ್ಬರ ಬಾಯಲ್ಲೂ ಬರಲಿಲ್ಲ. ರೋಗದ ಹೆಸರು ಗೊತ್ತಿದ್ದರೆ ಅವರು ಕೇಳುವುದೇ ಬೇಡ ತಾನೇ? ಕಂಡದ್ದನ್ನು ಹೇಳುತ್ತಾರೆ: ಎಲೆ ಮುದುರಿದೆ, ಗಿಡ ಕುಳ್ಳಾಗಿದೆ, ಹೂ ಉದುರುತ್ತಿದೆ. ಆದರೂ ಈ ತಲೆಬರಹ ಪೂರ್ತಿ ದಂಡವಲ್ಲ. ಕೃಷಿ ಓದುವ ಹುಡುಗರು, ಔಷಧಿ ಅಂಗಡಿಯವರು ಟೈಪ್ ಮಾಡುವುದು ಇದನ್ನೇ. ಅದಕ್ಕೆ ರೋಗದ ಹೆಸರನ್ನು ಒಳಗಿನ ಉಪಶೀರ್ಷಿಕೆಗೆ ಇಳಿಸಿ ಉಳಿಸಿಕೊಂಡೆ.

ಮೂರನೆಯದೇ ಗೆದ್ದದ್ದು. ಆದರೆ ತಲೆಬರಹಕ್ಕಿಂತ ಜಾಸ್ತಿ ಉಪಯೋಗವಾದ ಸಂಗತಿ ಇನ್ನೊಂದು ಸಿಕ್ಕಿತು. ಎಲೆ ತೋರಿಸಿದಾಗ ಬಹಳ ಜನ "ಏನು ಮಾಡಬೇಕು" ಅನ್ನಲೇ ಇಲ್ಲ. "ಯಾವ ಔಷಧಿ ಹೊಡೀಬೇಕು" ಅಂದರು. ನಿಜವಾದ ಉತ್ತರವೋ, ಈ ರೋಗ ವಾಸಿ ಮಾಡುವ ಔಷಧಿ ಇಲ್ಲ ಅನ್ನುವುದು. ನನ್ನ ಹಳೆಯ ಬರಹದಲ್ಲಿ "ಔಷಧಿ" ಪದ ಇರಲಿಲ್ಲ, "ಕೀಟನಾಶಕ" ಇತ್ತು. ಉತ್ತರ "ಇಲ್ಲ" ಆದರೂ ಅವರು ಕೇಳಿದ ಪದ ಅದರಲ್ಲಿ ಇರಬೇಕು. ಈಗ ತಲೆಬರಹದ ಕೆಳಗೇ, ಪೀಠಿಕೆ ಏನೂ ಇಲ್ಲದೆ, ಹೀಗಿದೆ:

"ಟೊಮೆಟೊ ಗಿಡದ ತುದಿ ಎಲೆಗಳು ಮೇಲಕ್ಕೆ ಮುದುರಿ, ಚಿಕ್ಕದಾಗಿ, ಗಿಡ ಕುಳ್ಳಾಗಿದ್ದರೆ ಅದು ಹೆಚ್ಚಾಗಿ ಬಿಳಿ ನೊಣ ಹರಡುವ ವೈರಸ್ ರೋಗ. ರೋಗ ಬಂದ ಗಿಡವನ್ನು ವಾಸಿ ಮಾಡುವ ಔಷಧಿ ಇಲ್ಲ. ಆ ಗಿಡ ಕಿತ್ತು ನಾಶ ಮಾಡಿ, ಉಳಿದ ಗಿಡಗಳಲ್ಲಿ ಬಿಳಿ ನೊಣ ಹತೋಟಿಗೆ ತನ್ನಿ."

ಇದರ ಹಿಂದೆಯೇ ಇನ್ನೊಂದು ಸಾಲು: ಕೆಳಗಿನ ಎಲೆ ಮಾತ್ರ ಸುರುಳಿ ಸುತ್ತಿ, ತುದಿ ಚೆನ್ನಾಗಿದ್ದರೆ ಅದು ಬಿಸಿಲು ಅಥವಾ ನೀರಿನ ಏರುಪೇರು ಇರಬಹುದು, ಗಿಡ ಕೀಳಬೇಡಿ. ಈ ಎರಡನ್ನೂ ಒಂದೇ ಕಡೆ ಹೇಳಲೇಬೇಕು. ಫೋನು ಮೊದಲ ತುಂಡನ್ನಷ್ಟೇ ತೋರಿಸಿದರೆ ಯಾರಾದರೂ ಒಳ್ಳೆಯ ಗಿಡ ಕಿತ್ತಾರು. ಸಸಿಗಳಿಗೆ ಕಟ್ಟುವ ಬಲೆ, ಹಳದಿ ಅಂಟು ಹಾಳೆ, ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿ ಈ ರೋಗ ತಡೆದುಕೊಳ್ಳುತ್ತದೆ ಅನ್ನುವುದು, ಎಲ್ಲವೂ ಆಮೇಲೆ.

ಉತ್ತರವನ್ನು ಫೋನಿನ ದನಿಯಲ್ಲಿ ಓದಿಸಿ ಕೇಳಿ. "ಮಿ.ಲೀ./ಲೀ." ಅಂತ ಬರೆದರೆ ಓದುವಾಗ ಕೆಡುತ್ತದೆ. "ಒಂದು ಲೀಟರ್ ನೀರಿಗೆ ಇಷ್ಟು" ಅಂತ ಬಿಡಿಸಿ ಬರೆದರೆ ಸರಿಯಾಗಿ ಕೇಳಿಸುತ್ತದೆ. ಚಿತ್ರದೊಳಗೆ ಬರೆದ ಕನ್ನಡವನ್ನು, ಹಳೆಯ ನುಡಿ ಫಾಂಟಿನ ಯೂನಿಕೋಡ್ ಅಲ್ಲದ ಬರಹವನ್ನು ಹುಡುಕಾಟಕ್ಕೆ ಸಿಗುತ್ತದೆ ಅಂತ ನಂಬಬೇಡಿ.

ಪ್ರಶ್ನೋತ್ತರದ ವಿಶೇಷ ಕೋಡ್ ಹಾಕಿದರೆ ಮೇಲೆ ಬರುತ್ತದೆ ಅಂತ ಇನ್ನೂ ಹೇಳುವವರಿದ್ದಾರೆ. ಗೂಗಲ್ 2023ರ ಆಗಸ್ಟ್‌ನಲ್ಲೇ ಹುಡುಕಾಟದ ಫಲಿತಾಂಶದಲ್ಲಿ ಹಾಗೆ ಪ್ರಶ್ನೋತ್ತರ ತೋರಿಸುವುದನ್ನು ಸರ್ಕಾರಿ ಮತ್ತು ಆರೋಗ್ಯದ ಹೆಸರಾಂತ ತಾಣಗಳಿಗೆ ಸೀಮಿತ ಮಾಡಿತು. ಓದಿ ಹೇಳಲು ಇರುವ `speakable` ಗುರುತು ಅಮೆರಿಕದ ಇಂಗ್ಲಿಷ್ ಸುದ್ದಿಗೆ ಮಾಡಿದ್ದು. ನಮಗೆ ಎರಡೂ ಬೇಡ.

ಗೆದ್ದದ್ದು ಹೇಗೆ ಗೊತ್ತಾಯಿತು ಅಂದರೆ, ಜನ ಏನು ಹುಡುಕಿ ನಮ್ಮ ಪೋಸ್ಟ್‌ಗೆ ಬಂದರು ಅಂತ ತೋರಿಸುವ ಗೂಗಲ್‌ನ ಸರ್ಚ್ ಕನ್ಸೋಲ್‌ನಿಂದ. ಅಲ್ಲಿ ದನಿಯಲ್ಲಿ ಕೇಳಿದ್ದು, ಟೈಪ್ ಮಾಡಿದ್ದು ಅಂತ ಬೇರೆ ಬೇರೆ ತೋರಿಸುವುದಿಲ್ಲ. ಆದರೆ ಪ್ರಶ್ನೆ ಪದ ಇರುವ ಉದ್ದ ಸಾಲುಗಳು ಹೆಚ್ಚಾಗಿ ಮೈಕ್‌ನಿಂದ ಬಂದವು ಅಂತ ಇಟ್ಟುಕೊಳ್ಳಬಹುದು. ಪ್ರಶ್ನೆಗಳ ಸೋಸುವಿಕೆಯಲ್ಲಿ, ಹಲವು ಪದಗಳಲ್ಲಿ ಯಾವುದಿದ್ದರೂ ಹಿಡಿಯುವ ರೆಜೆಕ್ಸ್ ಆರಿಸಿ ಇದನ್ನು ಹಾಕಿ:

```
ಏನ|ಹೇಗೆ|ಹೆಂಗೆ|ಯಾಕೆ|ಯಾವ|ಎಷ್ಟು
```

"ಏನ" ಅಂತ ಬಿಟ್ಟಿರುವುದು ಬೇಕೆಂದೇ. ಅದು "ಏನು", "ಏನ್" ಎರಡನ್ನೂ ಹಿಡಿಯುತ್ತದೆ. ಕೆಲವೇ ಜನ ಕೇಳಿದ ಪ್ರಶ್ನೆಗಳನ್ನು ಕನ್ಸೋಲ್ ಮುಚ್ಚಿಡುತ್ತದೆ. ಆದ್ದರಿಂದ ನಮ್ಮಂಥ ಸಣ್ಣ ಪೋಸ್ಟ್‌ಗೆ ಇದು ಅರ್ಧ ಚಿತ್ರ ಮಾತ್ರ. ಇನ್ನರ್ಧಕ್ಕೆ ಆ ಜಿಬೋರ್ಡ್ ಪರೀಕ್ಷೆಯೇ ಗತಿ. ಫೋನಿನ ದನಿ ಭಾಷೆ ಇಂಗ್ಲಿಷ್‌ನಲ್ಲೇ ಇಟ್ಟುಕೊಂಡು ಕನ್ನಡ ಮಾತಾಡುವವರ ಪ್ರಶ್ನೆ ಇಂಗ್ಲಿಷ್ ಅಕ್ಷರದ ಕಲಸುಮೇಲೋಗರ ಆಗಿ ಹೋಗುತ್ತದೆ. ಅದಕ್ಕೆ ತಲೆಬರಹದಲ್ಲಿ ಪರಿಹಾರವಿಲ್ಲ, ಅವರ ಫೋನಿನಲ್ಲಿ ಭಾಷೆ ಬದಲಿಸಿಕೊಡಬೇಕು ಅಷ್ಟೇ.

ಇನ್ನು "ಇವತ್ತು ಕೋಲಾರದಲ್ಲಿ ಟೊಮೆಟೊ ರೇಟ್ ಎಷ್ಟು" ಅನ್ನುವ ಪ್ರಶ್ನೆ. ಅದನ್ನು ಕೇಳುವವರೂ ಬಹಳ, ಆಸೆಯೂ ಆಗುತ್ತದೆ. ನಾನು ಕೈ ಹಾಕುವುದಿಲ್ಲ. 15 ಕೆಜಿ ಬಾಕ್ಸಿನ ಬೆಲೆ ಎಪಿಎಂಸಿಯಲ್ಲಿ ದಿನಕ್ಕೊಂದು ಇರುತ್ತದೆ. ನಿನ್ನೆಯ ಬೆಲೆಯನ್ನು ಫೋನು ಇವತ್ತಿನದು ಅಂತ ಓದಿ ಹೇಳಿದರೆ ಗಾಡಿ ತುಂಬಿಸಿಕೊಂಡು ಬಂದವರಿಗೆ ನಷ್ಟ.