ಕೆಲಸ ಬಿಟ್ಟವರ ಫೈಲ್, ಮೇಲ್ ವಾಪಸ್ ತರೋದು: ಗೂಗಲ್ ವರ್ಕ್‌ಸ್ಪೇಸ್ ಬಳಸಿದ ಅನುಭವ

ಶಿವಮೊಗ್ಗದ ನಮ್ಮ ಅಡಿಕೆ ವ್ಯಾಪಾರದ ಆಫೀಸಿನಲ್ಲಿ ಗೂಗಲ್ ವರ್ಕ್‌ಸ್ಪೇಸ್ ಬಂದು ವರ್ಷಗಳಾದವು. ಪ್ಲಾನ್ ಬಿಸಿನೆಸ್ ಸ್ಟ್ಯಾಂಡರ್ಡ್. ಅಡ್ಮಿನ್ ಕೆಲಸ ನನ್ನದು.

ಲೆಕ್ಕ ನೋಡುತ್ತಿದ್ದ ಹುಡುಗ 3ನೇ ತಾರೀಕು ಶೇರ್ಡ್ ಡ್ರೈವ್‌ನಿಂದ ಬೆಳೆಗಾರರ ಲೆಕ್ಕದ ಫೋಲ್ಡರ್ ಅಳಿಸಿ, ಅದರ ಟ್ರ್ಯಾಶ್ ಖಾಲಿ ಮಾಡಿದ್ದ. ಮೇಲ್‌ಬಾಕ್ಸಿನ ಟ್ರ್ಯಾಶ್ ಕೂಡ. ಬೇಕಂತಲೇ ಮಾಡಿದನೋ, ಸುಮ್ನೆ ಕ್ಲೀನ್ ಮಾಡಿದನೋ, ಕೇಳಲು ಹೋಗಲಿಲ್ಲ. ಯಜಮಾನರು 5ನೇ ತಾರೀಕು ಲೈಸೆನ್ಸ್ ದುಡ್ಡು ಉಳಿಯಲಿ ಎಂದು ಅವನ ಖಾತೆ ತೆಗೆಸಿದರು. ಸಾಗರದ ಬೆಳೆಗಾರರೊಬ್ಬರು ಹಳೇ ಲೆಕ್ಕ ಕೇಳಿದಾಗ 21ನೇ ತಾರೀಕು. ಫೋಲ್ಡರ್ ಇಲ್ಲ!

ಇಲ್ಲಿ ಎರಡು ಗಡುವುಗಳಿವೆ. ಟ್ರ್ಯಾಶ್‌ನಿಂದಲೂ ಹೋದ ಫೈಲ್ ಮತ್ತು ಮೇಲ್‌ಗಳನ್ನು ಅಡ್ಮಿನ್ 25 ದಿನದೊಳಗೆ ತರಬಹುದು. ಅಳಿಸಿದ ಖಾತೆಗೆ ಇರೋದು 20 ದಿನ ಮಾತ್ರ. ಅಂದರೆ ಫೈಲ್‌ಗಳಿಗೆ 28ರವರೆಗೆ ಟೈಮ್ ಇತ್ತು, ಆಮೇಲೆ ಅಳಿಸಿದ ಖಾತೆಗೆ 25ರವರೆಗೆ ಮಾತ್ರ. ಖಾತೆ ಹೋದರೆ ಮೇಲ್ ತರಲು ಜಾಗವೇ ಇರೋದಿಲ್ಲ. ಹಾಗಾಗಿ ಮೊದಲು ಖಾತೆ.

ಅಡ್ಮಿನ್ ಕನ್ಸೋಲ್‌ನಲ್ಲಿ Directory > Users ಗೆ ಹೋಗಿ, ಅಳಿಸಿದವರ ಪಟ್ಟಿ ತೆರೆದು ಅವನ ಹೆಸರು ಹಿಡಿದೆ. ಆದರೆ ಒಂದು ತೊಡಕಿತ್ತು. ಬೆಳೆಗಾರರ ಮೇಲ್ ತಪ್ಪದಿರಲಿ ಎಂದು ಅವನ ವಿಳಾಸವನ್ನು ಹೊಸ ಹುಡುಗಿಗೆ ಅಲಿಯಾಸ್ ಮಾಡಿ ಕೊಡಲಾಗಿತ್ತು. ಅದೇ ವಿಳಾಸ ಇಬ್ಬರಿಗೆ ಇರೋಕೆ ಆಗಲ್ಲ, ಅಲ್ವಾ? ಅಲಿಯಾಸ್ ತೆಗೆದ ಮೇಲೆ ಖಾತೆ ಬಂತು. ಒಂದು ಲೈಸೆನ್ಸ್ ಮತ್ತೆ ಬೇಕಾಯಿತು. ಬಂದದ್ದು ಅಳಿಸುವಾಗ ಇದ್ದ ಮೇಲ್‌ಬಾಕ್ಸ್, ಅಂದರೆ ಟ್ರ್ಯಾಶ್ ಖಾಲಿಯಾದ ನಂತರದ್ದು. ಉಳಿದ ಮೇಲ್‌ಗಾಗಿ ಅವನ ಪುಟದಲ್ಲೇ Restore data ಒತ್ತಿ, Gmail ಆರಿಸಿ, ತಾರೀಕು ಕೊಡಬೇಕು.

ತಾರೀಕಿನಲ್ಲೇ ಜಾಸ್ತಿ ಜನ ಎಡವೋದು. ಕೇಳೋದು ಮೇಲ್ ಬಂದ ದಿನವಲ್ಲ, ಅಳಿಸಿದ ದಿನ. ಹಾಗಾಗಿ ನಾನು ಮೊದಲು ಡ್ರೈವ್ ಲಾಗ್ ನೋಡಿ, ಯಾರು ಯಾವತ್ತು ಅಳಿಸಿದರು ಎಂದು ಖಚಿತ ಮಾಡಿಕೊಂಡೆ. ಫೈಲ್ ಒಂದೊಂದಾಗಿ ಆರಿಸೋಕೆ ಆಗಲ್ಲ, ಆ ಅವಧಿಯಲ್ಲಿ ಅಳಿಸಿದ್ದೆಲ್ಲಾ ಒಟ್ಟಿಗೆ ಬರುತ್ತದೆ. 3ನೇ ತಾರೀಕಿನ ಸುತ್ತ ಮಾತ್ರ ಕೊಟ್ಟಿದ್ದರಿಂದ ಕಸ ಕಡಿಮೆ ಬಂತು.

ಶೇರ್ಡ್ ಡ್ರೈವ್‌ನ ಫೈಲ್‌ಗಳು ಆಫೀಸಿನದ್ದೇ, ಹುಡುಗನದ್ದಲ್ಲ. ಅವುಗಳಿಗೆ ಅವನ ಖಾತೆ ಬೇಡ. Manage shared drives ಪುಟದಲ್ಲಿ ಆ ಡ್ರೈವ್ ಹುಡುಕಿ, ರಿಸ್ಟೋರ್ ಒತ್ತಿ ಅದೇ ತಾರೀಕು ಕೊಟ್ಟರೆ ಆಯಿತು. ಒತ್ತಿದ ಕೂಡಲೇ ಕಾಣಲಿಲ್ಲ ಎಂದು ಮತ್ತೆ ಮತ್ತೆ ಒತ್ತಬೇಡಿ, ಸ್ವಲ್ಪ ಕಾಯಬೇಕು.

ಐದಕ್ಕೆ ನಾಲ್ಕು ಕೊಡುತ್ತೇನೆ. ಖಾತೆಗೂ 25 ದಿನ ಇದ್ದಿದ್ದರೆ ಇನ್ನೊಂದು ಕೊಡುತ್ತಿದ್ದೆ. ಈಗ ಯಾರು ಬಿಟ್ಟರೂ ಖಾತೆ ಸಸ್ಪೆಂಡ್ ಮಾಡಿ, ತಿಂಗಳು ಕಳೆದ ಮೇಲೆ ಅಳಿಸುತ್ತೇವೆ. ಆ ತಿಂಗಳ ಲೈಸೆನ್ಸ್ ದುಡ್ಡಿಗೆ ಯಜಮಾನರು ಈಗಲೂ ಗೊಣಗುತ್ತಾರೆ.