ಶಾಲೆಯ ಧ್ಯೇಯವಾಕ್ಯಕ್ಕೆ ಯಾವ ಪದ: ಧ್ಯೇಯ, ಉದ್ದೇಶ, ಗುರಿ, ಮಹತ್ವಾಕಾಂಕ್ಷೆ?

‘ಧ್ಯೇಯ’ವು ಶಾಲೆ ಇರುವವರೆಗೂ ಹಿಡಿದು ನಡೆಯಬೇಕಾದ ದಿಕ್ಕನ್ನು ಹೇಳುವುದರಿಂದ, ‘ಪ್ರತಿ ಮಗುವೂ ತಾನೇ ಓದಿ ಅರ್ಥಮಾಡಿಕೊಳ್ಳಬೇಕು’ ಎಂಬ ಮಾತಿಗೆ ಅದೇ ಸರಿಯಾದ ಪದ. ‘ಉದ್ದೇಶ’ವು ಒಂದು ನಿರ್ದಿಷ್ಟ ಕೆಲಸವನ್ನು ಏಕೆ ಕೈಗೊಂಡಿದ್ದೇವೆ ಎಂಬುದನ್ನು ತಿಳಿಸುತ್ತದೆ, ದಿನವೂ ಗ್ರಂಥಾಲಯದ ಅವಧಿ ಇಟ್ಟಿರುವುದಕ್ಕೆ ಓದಿನ ಅಭ್ಯಾಸ ಬೆಳೆಸುವುದು ಉದ್ದೇಶ.

‘ಗುರಿ’ಯನ್ನು ಮಾತ್ರ ಅಳೆಯಲು ಬರಬೇಕು. 2021ರಲ್ಲಿ ಆರಂಭವಾದ ನಿಪುಣ್ ಭಾರತ್ ಯೋಜನೆಯು, 2026–27ರೊಳಗೆ ಮೂರನೆಯ ತರಗತಿ ಮುಗಿಸುವ ಎಲ್ಲ ಮಕ್ಕಳಿಗೂ ಬುನಾದಿ ಓದು, ಬರಹ, ಲೆಕ್ಕ ಬರಬೇಕೆನ್ನುತ್ತದೆ. ವರ್ಷವೂ ತರಗತಿಯೂ ಸ್ಪಷ್ಟವಾಗಿರುವುದರಿಂದ ಅದು ಗುರಿ. ಇಂಥದ್ದನ್ನು ಧ್ಯೇಯವಾಕ್ಯದಲ್ಲಿ ಬರೆದರೆ ಅವಧಿ ಮುಗಿದೊಡನೆ ವಾಕ್ಯವೇ ಹಳತಾಗುವುದರಿಂದ, ಅದನ್ನು ವಾರ್ಷಿಕ ಯೋಜನೆಯಲ್ಲಿ ಇಡುವುದೇ ಮೇಲು.

‘ಮಹತ್ವಾಕಾಂಕ್ಷೆ’ ವ್ಯಕ್ತಿಗೆ ಒಪ್ಪುತ್ತದೆ. ಶಾಲೆಯ ಬಾಯಲ್ಲಿ ಅದು ಪೈಪೋಟಿಯಂತೆ ಕೇಳಿಸುತ್ತದೆ, ಅಲ್ಲಿಗೆ ‘ಆಶಯ’ ಸಾಕು.